ಈ 31ರ ನಂತರ ಪಂಪಿನ ಕೆಲಸಕ್ಕೆ ನನ್ನನ್ನು ಕರೆಯಬಹುದು

ಗೆಳೆಯರೇ,

ಈ ತಿಂಗಳ 31ಕ್ಕೆ ನಾನು ರಿಟೈರ್ ಆಗುತ್ತಿದ್ದೇನೆ. ಊರಿಗೆ ಹೋಗ್ತೀರಾ ಅಂತ ನಿಮ್ಮಲ್ಲಿ ತುಂಬಾ ಜನ ಕೇಳಿದ್ದೀರಿ. ಇಲ್ಲ, ಚಿಂಚವಡದ ಮನೆಯಲ್ಲೇ ಇರುತ್ತೇನೆ. ಕೆಲಸವನ್ನೂ ಪೂರ್ತಿ ಬಿಡುವುದಿಲ್ಲ.

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ, ಬರಬಲ್ಲೆ. ಗುರುವಾರ ಯಾಕೆ ಅಂತ ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಎಷ್ಟೋ ಕಾರ್ಖಾನೆಗಳಿಗೆ ಅವತ್ತೇ ರಜೆ, ಮಶೀನ್ ನಿಂತಿರುತ್ತೆ, ಬಿಚ್ಚಿ ನೋಡಲು ಪುರುಸೊತ್ತು ಸಿಗುತ್ತೆ. ಭೋಸರಿ, ಚಾಕಣ್, ತಳೇಗಾಂವ್ ಎಲ್ಲಿಗಾದರೂ ಸರಿ. ಪಂಪು, ಬ್ಲೋವರ್, ಗೇರ್‌ಬಾಕ್ಸ್, ವೈಬ್ರೇಶನ್, ಅಲೈನ್‌ಮೆಂಟ್ ನೋಡುತ್ತೇನೆ. ಎಲೆಕ್ಟ್ರಿಕಲ್ ಪ್ಯಾನೆಲ್‌ಗೆ ಮಾತ್ರ ಕರೆಯಬೇಡಿ, ಅದಕ್ಕೆ ನನಗಿಂತ ಬಲ್ಲವರು ಇದ್ದಾರೆ.

ಒಂದು ವಿಷಯ ಮನಸ್ಸಿಗೆ ತುಂಬಾ ಹತ್ತಿರ. ಒಂದೇ ಪಂಪಿಗೆ ಮತ್ತೆ ಮತ್ತೆ ಬೇರಿಂಗ್ ಹಾಕುತ್ತಾರೆ, ಅದು ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಬೇರಿಂಗ್ ತಾನಾಗೇ ಸಾಯುವುದು ಕಡಿಮೆ. ಜಾಸ್ತಿ ಸಲ ಬೇಸ್‌ಪ್ಲೇಟ್ ಸಮ ಇರುವುದಿಲ್ಲ. ಮೋಟಾರಿನ ಕಾಲಿಗೆ ಡಯಲ್ ಗೇಜ್ ಇಟ್ಟು ಆ ಒಂದು ಬೋಲ್ಟನ್ನು ಮಾತ್ರ ಸಡಿಲಿಸಿ. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಓಡಿದರೆ ಆ ಕಾಲು ಕೂತಿಲ್ಲ ಅಂತಲೇ ಅರ್ಥ, ಮೊದಲು ಅದಕ್ಕೆ ಸರಿಯಾದ ಶಿಮ್ ಕೊಡಿ, ಕಪ್ಲಿಂಗ್ ಆಮೇಲೆ. ಬಿಸಿ ಎಣ್ಣೆಯ ಪಂಪಾದರೆ ಇನ್ನೊಂದು ಮಾತಿದೆ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 0.012 ಮಿ.ಮೀ. ಬೆಳೆಯುತ್ತದೆ. ಪಾದದಿಂದ ಶಾಫ್ಟಿನವರೆಗಿನ 400 ಮಿ.ಮೀ. 100 ಡಿಗ್ರಿ ಕಾದರೆ ಶಾಫ್ಟ್ ಅರ್ಧ ಮಿಲಿಮೀಟರಿನ ಹತ್ತಿರ ಮೇಲೇಳುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಜೋಡಿಸಿದ ಕಪ್ಲಿಂಗ್ ಓಡುವಾಗ ತಪ್ಪಿರುತ್ತೆ, ಹೊಡೆತ ಬೇರಿಂಗಿಗೆ ಬೀಳುತ್ತೆ.

ಇದನ್ನೆಲ್ಲ ಹುಡುಗರಿಗೆ ಕೈಯಲ್ಲಿ ಹಿಡಿಸಿ ಕಲಿಸಬೇಕು, ಪುಸ್ತಕದಲ್ಲಿ ಓದಿದರೆ ಕೂರುವುದಿಲ್ಲ. ಅದಕ್ಕೇ ನನ್ನದೊಂದು ಷರತ್ತು: ನನ್ನನ್ನು ಕರೆದ ದಿನ ನಿಮ್ಮ ಕಡೆಯ ಒಬ್ಬ ಹೊಸ ಇಂಜಿನಿಯರ್ ಮತ್ತು ಒಬ್ಬ ಫಿಟ್ಟರ್ ಪೂರ್ತಿ ಹೊತ್ತು ನನ್ನ ಜೊತೆ ಇರಬೇಕು. ಗೇಜ್ ಅವರೇ ಹಿಡಿಯಲಿ, ರೀಡಿಂಗ್ ಅವರೇ ಬರೆಯಲಿ.

ದಿನಕ್ಕೆ 12,000 ರೂಪಾಯಿ, ಓಡಾಟದ ಖರ್ಚು ಬೇರೆ. ಸಣ್ಣ ವರ್ಕ್‌ಶಾಪ್ ನಡೆಸುವವರು ಸಂಕೋಚ ಪಡಬೇಡಿ, ಮಾತಾಡೋಣ. ಶನಿವಾರ ಮಧ್ಯಾಹ್ನ ಮೂರರ ನಂತರ ಮನೆಗೆ ಬಂದು ಕಲಿಯುವವರಿಗೆ ದುಡ್ಡಿಲ್ಲ. ಕನ್ನಡ, ಮರಾಠಿ, ಹಿಂದಿ ಯಾವುದಾದರೂ ಆಗುತ್ತೆ. ನಾನು ಕಣ್ಣಾರೆ ನೋಡದ ಕೆಲಸಕ್ಕೆ ಸಹಿ ಹಾಕುವುದಿಲ್ಲ, ಅದನ್ನು ಕೇಳಬೇಡಿ.

ಫೋನ್ ನಂಬರ್ ಹಳೆಯದೇ. ಕರೆಯುವ ಮೊದಲು ನೇಮ್‌ಪ್ಲೇಟಿನ ಫೋಟೋ, ಕಳೆದ ಸಲ ಬೇರಿಂಗ್ ಬದಲಿಸಿದ ತಾರೀಖು, ಸಾಧ್ಯವಾದರೆ ತೆಗೆದ ಹಳೇ ಬೇರಿಂಗಿನ ಫೋಟೋ ಕಳಿಸಿ. ಹಳೇ ಬೇರಿಂಗನ್ನು ಗುಜರಿಗೆ ಹಾಕಬೇಡಿ, ಬಂದಾಗ ನೋಡುತ್ತೇನೆ.

ನಿಮ್ಮ,
ದೇಸಾಯಿ