ನನ್ನ ಫೋನ್ ನಂಬರ್ ಬದಲಾಗುತ್ತಿದೆ: ಸುಮಾ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಸುಮಾ. ಇದನ್ನು ಹಳೆಯ ನಂಬರಿನಿಂದಲೇ ಕಳಿಸುತ್ತಿದ್ದೇನೆ. ಈ ಸಿಮ್ ಆಫೀಸಿನದು. ಕೆಲಸ ಬಿಡುತ್ತಿರುವುದರಿಂದ ವಾಪಸ್ ಕೊಡಬೇಕು. ಜೂನ್ 30ರವರೆಗೆ ಎರಡೂ ನಂಬರ್ ಇರುತ್ತವೆ, ಆಮೇಲೆ ಹೊಸದೊಂದೇ.

ಹೊಸ ನಂಬರಿನ ಕಾಂಟ್ಯಾಕ್ಟನ್ನು ಇದರ ಕೆಳಗೇ ಕಳಿಸಿದ್ದೇನೆ. ಕೊನೆಯ ನಾಲ್ಕು ಅಂಕಿ 4471. ದಯವಿಟ್ಟು ಸೇವ್ ಮಾಡಿಕೊಳ್ಳಿ. ಅನುಮಾನ ಬಂದರೆ ಈ ಹಳೆಯ ನಂಬರಿಗೇ ಒಂದು ಫೋನ್ ಮಾಡಿ, ನನ್ನ ದನಿ ಕೇಳಿದ ಮೇಲೆ ಸೇವ್ ಮಾಡಿದರಾಯಿತು. ಅಮ್ಮನನ್ನು ಕೇಳಿದರೂ ಸರಿ, ನನಗೇನೂ ಬೇಜಾರಿಲ್ಲ.

ಯಾವ ಲಿಂಕೂ ಒತ್ತಬೇಕಾಗಿಲ್ಲ, ಒಟಿಪಿ ಹೇಳಬೇಕಾಗಿಲ್ಲ. ನನ್ನ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಅದು ನಾನಲ್ಲ, ಖಂಡಿತ ಕಳಿಸಬೇಡಿ. 30ರ ನಂತರ ಹಳೆಯ ನಂಬರ್ ಅಳಿಸಿಬಿಡಿ, ಅದು ಆಫೀಸಿನಲ್ಲಿ ಬೇರೆಯವರ ಕೈಗೆ ಹೋಗುತ್ತದೆ.

ದೊಡ್ಡಮ್ಮ, ನಿಮ್ಮ ಫೋನಿಗೆ ಭಾನುವಾರ ನಾನೇ ಬಂದು ಹಾಕಿಕೊಡುತ್ತೇನೆ.