ಕೇಳದೆ ಓದುವ ಹಕ್ಕು: ಗ್ರಂಥಾಲಯ ಸಪ್ತಾಹದ ಭಾಷಣ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನ ಹುಡುಗರು ಸ್ವಲ್ಪ ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಮುದ್ರಣ ಯಂತ್ರ ಬಂತು, ಎಲ್ಲರೂ ಓದೋಕೆ ಶುರು ಮಾಡಿದರು ಅಂತ ಪಾಠದಲ್ಲಿ ಬರೆದಿರ್ತಾರೆ. ಅಷ್ಟು ಸಲೀಸಾಗಿ ಆಗಲಿಲ್ಲ. ಜರ್ಮನಿಯ ಮೈನ್ಜ್ ಊರಲ್ಲಿ ಗುಟೆನ್‌ಬರ್ಗ್ 1455ರ ಹೊತ್ತಿಗೆ ಬೈಬಲ್ ಅಚ್ಚು ಹಾಕಿದ. ಸುಮಾರು 180 ಪ್ರತಿ. ಅದು ಲ್ಯಾಟಿನ್‌ನಲ್ಲಿತ್ತು, ಬೆಲೆಯೂ ಜಾಸ್ತಿ. ಊರಿನ ರೈತನಿಗೆ ಅದರಿಂದ ಏನು ಸಿಕ್ಕಿತು? ಏನೂ ಇಲ್ಲ. 1522ರಲ್ಲಿ ಧರ್ಮಸುಧಾರಕ ಲೂಥರ್ ಬೈಬಲಿನ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದು ಅಚ್ಚು ಹಾಕಿಸಿದ ಮೇಲೆ ಜನ ಕೈಗೆತ್ತಿಕೊಂಡರು. ಯಂತ್ರ ಒಂದೇ ಸಾಲದು, ಆಡುವ ಮಾತಲ್ಲಿ ಪುಸ್ತಕ ಬೇಕು.

ನಮ್ಮೂರಿಗೆ ಬರೋಣ. ಇಲ್ಲಿ ಪುಸ್ತಕ ಇರಲಿಲ್ಲ ಅಂತಲ್ಲ. ಆದಿಲ್‌ಶಾಹಿ ಅರಮನೆಯಲ್ಲಿ ಒಳ್ಳೆಯ ಗ್ರಂಥಭಂಡಾರವೇ ಇತ್ತು. ಅಸರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಫಾರ್ಸಿ ಹಸ್ತಪ್ರತಿಗಳು ಈಗ ಲಂಡನ್ನಿನಲ್ಲಿವೆ. ಆದರೆ ಅರಮನೆಯ ಪುಸ್ತಕವನ್ನು ಚೌಕಿನಲ್ಲಿ ಕಾಯಿಪಲ್ಯ ಮಾರುವವಳು ನೋಡೋದು ಎಲ್ಲಿ ಬಂತು?

ಮನೆಗಳಲ್ಲಿ, ಮಠಗಳಲ್ಲಿ ತಾಳೆಗರಿ ಕಟ್ಟುಗಳೂ ಇದ್ದವು. ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ, ಮಸಿ ತಿಕ್ಕಿ ಅಕ್ಷರ ಕಾಣುವಂತೆ ಮಾಡ್ತಿದ್ದರು. ತೂತಿನಲ್ಲಿ ದಾರ ಪೋಣಿಸಿ, ಎರಡು ಹಲಗೆ ನಡುವೆ ಕಟ್ಟಿಡೋದು. ಒಂದು ಪ್ರತಿಯಿಂದ ಇನ್ನೊಂದು ಮಾಡೋಕೆ ಮತ್ತೆ ಅಷ್ಟೇ ದುಡಿಮೆ. ಹೀಗಾಗಿ ಕಟ್ಟು ಯಾರ ಮನೆಯಲ್ಲಿದೆಯೋ ಅವರ ಅಪ್ಪಣೆ ಬೇಕು. ಅವರು 'ಬೇಡ' ಅಂದರೆ ಮುಗೀತು. ಎಷ್ಟೋ ಕಡೆ ಆ ಕಟ್ಟು ಜಗುಲಿ ಮೇಲೆ ಕೂತು ವಿಭೂತಿ, ಹೂವು ಏರಿಸಿಕೊಳ್ತಿತ್ತು. ಪೂಜೆ ಆಗ್ತಿತ್ತು, ಓದು ಆಗ್ತಿರಲಿಲ್ಲ.

ಈ ಗಂಟು ಬಿಚ್ಚಿದವರು ನಮ್ಮ ಫ.ಗು. ಹಳಕಟ್ಟಿ. ಹುಟ್ಟಿದ್ದು 1880ರಲ್ಲಿ ಧಾರವಾಡದಲ್ಲಿ, ವಕೀಲಿ ಮಾಡಿದ್ದು ಇಲ್ಲಿ. ಕೋರ್ಟು ಕಚೇರಿಯ ನಡುವೆ ವಚನಗಳ ಓಲೆ ಹುಡುಕಿ, ಪ್ರತಿ ಮಾಡಿ, ಪಾಠ ಕೂಡಿಸಿದರು. ಅಚ್ಚಿಗೆಂದು ಮಂಗಳೂರಿಗೆ ಕಳಿಸಿದ್ದು ಹಾಗೇ ವಾಪಸ್ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂತು. ಪ್ರತಿ ಸಲ ಇನ್ನೊಬ್ಬರ ಬಾಗಿಲು ತಟ್ಟೋದೇಕೆ ಅಂತ 1925ರಲ್ಲಿ ಇದೇ ಊರಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಅದಕ್ಕೆ ಮನೆ ಮಾರಿದರು. ಮರುವರ್ಷವೇ 'ಶಿವಾನುಭವ' ಪತ್ರಿಕೆ. ವಕೀಲರ ಮನೆಯವರು ಏನಂದಿರಬಹುದು, ನೀವೇ ಊಹಿಸಿ!

ಈ ಕೆಲಸ ಎಂಥದ್ದು ಗೊತ್ತಾಗಲಿ ಅಂತ ಇದನ್ನು ತಂದಿದ್ದೇನೆ. ಹಳೆ ಪ್ರೆಸ್ಸಿನ ಗೆಳೆಯರೊಬ್ಬರು ಕೊಟ್ಟ ಸೀಸದ ಅಚ್ಚುಮೊಳೆ. ಕೈಯಿಂದ ಕೈಗೆ ದಾಟಿಸಿ, ಕಿಸೆಗೆ ಮಾತ್ರ ಇಳಿಸಬೇಡಿ. ಅಕ್ಷರ ತಿರುಗಾಮುರುಗಾ ಇದೆ ಅಲ್ವಾ? ಕಾಗದದ ಮೇಲೆ ಒತ್ತಿದಾಗ ಸರಿಯಾಗಿ ಬೀಳುತ್ತದೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡವು ಚಿಕ್ಕವು ಸೇರಿ ಐವತ್ತೆರಡು. ಕನ್ನಡಕ್ಕೆ ಕಾಗುಣಿತ ಬೇಕು, ಅದರ ಕೆಳಗೆ ಒತ್ತಕ್ಷರ ಬೇಕು. ಮೊಳೆ ಜೋಡಿಸುವವನು ನಿಂತಲ್ಲೇ ನಿಂತು, ಮನೆಮನೆಯಾಗಿ ಮಾಡಿದ ಪೆಟ್ಟಿಗೆಯಿಂದ ಒಂದೊಂದೇ ಹೆಕ್ಕಿ ಸಾಲು ಕಟ್ಟಬೇಕು. ಪುಟ ಅಚ್ಚಾದ ಮೇಲೆ ಎಲ್ಲ ಬಿಚ್ಚಿ ಒಂದೊಂದನ್ನೂ ಅದರದರ ಮನೆಗೆ ಸೇರಿಸಬೇಕು. ಆದರೆ ಒಮ್ಮೆ ಕಟ್ಟಿದ ಪುಟದಿಂದ ನೂರು ಬೇಕೋ, ಸಾವಿರ ಬೇಕೋ, ತೆಗೀಬಹುದು. ಎಲ್ಲ ಪ್ರತಿಯಲ್ಲೂ ಅದೇ ಮಾತು, ಅದೇ ಪುಟ.

ವಚನ ಬರೆದವರಲ್ಲಿ ಅಂಬಿಗರಿದ್ದರು, ಮಾದಾರರಿದ್ದರು, ಹೆಣ್ಣುಮಕ್ಕಳಿದ್ದರು. ಅವರ ಮಾತು ಅವರಂಥವರ ಕೈಗೇ ಸಿಗದ ಹಾಗೆ ಕಟ್ಟಿನೊಳಗೆ ಉಳಿದಿತ್ತು. ಅಚ್ಚಾದ ಮೇಲೆ ಯಾರನ್ನೂ ಕೇಳದೆ ಓದಬಹುದಾಯಿತು. ಇವತ್ತು ಅಕ್ಕಮಹಾದೇವಿ ಹೆಸರಿನ ಮಹಿಳಾ ವಿಶ್ವವಿದ್ಯಾಲಯ ಇದೇ ಊರಲ್ಲಿದೆ. ಅಲ್ಲಿನ ಹುಡುಗಿ ಅಕ್ಕನ ವಚನ ಓದೋಕೆ ಯಾರ ಜಗುಲಿ ಮುಂದೆಯೂ ನಿಲ್ಲಬೇಕಿಲ್ಲ.

ಆದರೂ ಒಂದು ಮಾತು. ಅಚ್ಚಾದ ಪುಸ್ತಕ ಕೊಳ್ಳೋಕೆ ದುಡ್ಡು ಬೇಕು, ಓದೋಕೆ ಶಾಲೆ ಬೇಕು. ಎಷ್ಟೋ ವರ್ಷ ಹಳ್ಳಿಯಲ್ಲಿ ಓದು ಬಂದ ಒಬ್ಬ ದೊಡ್ಡ ದನಿಯಲ್ಲಿ ಓದುತ್ತಿದ್ದ, ಕಟ್ಟೆ ಮೇಲೆ ಉಳಿದವರು ಕೇಳುತ್ತಿದ್ದರು. ಶಾಲೆಯ ಬಾಗಿಲೂ ಎಲ್ಲರಿಗೂ ಒಂದೇ ಸಲ ತೆರೀಲಿಲ್ಲ. ಪ್ರೆಸ್ ಅರ್ಧ ಕೆಲಸ ಮಾಡಿತು ಅಂತ ನನ್ನ ಲೆಕ್ಕ. ಮಿಕ್ಕ ಅರ್ಧಕ್ಕೆ ಶಾಲೆ ಬೇಕಾಯಿತು, ಇಂಥ ಗ್ರಂಥಾಲಯ ಬೇಕಾಯಿತು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಹಳಕಟ್ಟಿಯವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಬಲಗಡೆ ಗೋಡೆಯ ಎರಡನೇ ಕಪಾಟಿನಲ್ಲಿ ವಚನ ಸಂಪುಟಗಳಿವೆ. ಸದಸ್ಯತ್ವದ ಅರ್ಜಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಇನ್ನು ಪ್ರಶ್ನೆ ಇದ್ದರೆ ಕೇಳಿ. ಅಷ್ಟರಲ್ಲಿ ಆ ಮೊಳೆ ಯಾರ ಹತ್ತಿರ ಇದೆ, ಸ್ವಲ್ಪ ಕೈ ಎತ್ತಿ.