ಅಳಿಯಂದಿರಿಗೆ ಮಾವನ ಪತ್ರ

॥ ಶ್ರೀ ॥

ಶಿರಸಿ ತಾಲ್ಲೂಕು
12-4-2026, ಭಾನುವಾರ

ಚಿರಂಜೀವಿ ಪ್ರಸನ್ನ ಅವರಿಗೆ ಗಣಪತಿ ಮಾಡುವ ಅನೇಕ ಆಶೀರ್ವಾದಗಳು.

ಉಭಯ ಕುಶಲೋಪರಿ. ಲಗ್ನಪತ್ರಿಕೆಯನ್ನು ನಿಮ್ಮ ತಂದೆಯವರ ಕೈಗೇ ಕೊಟ್ಟು ಕರೆದಾಗಿದೆ. ಈ ಪತ್ರ ಕರೆಯಲು ಬರೆದದ್ದಲ್ಲ. 26ರ ಭಾನುವಾರದಿಂದ ನೀವು ಈ ಮನೆಯ ಮಗ. ಮನೆಯವರಿಗೆ ತಿಳಿದಿರಬೇಕಾದದ್ದು ನಿಮಗೂ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಸೀಮೆಯಲ್ಲಿ ಅಳಿಯನನ್ನು ಜಗುಲಿಯಲ್ಲಿ ಕೂರಿಸಿ, ಆಸರಿಗೆ ಎಂದು ಕುಡಿಯಲು ಕೊಟ್ಟು, ಬೇಕು ಬೇಡ ಕೇಳಿ, ಹತ್ತು ವರ್ಷವಾದರೂ ನೆಂಟನಾಗಿಯೇ ಇಟ್ಟುಬಿಡುತ್ತಾರೆ. ಪ್ರೀತಿಯಿಂದಲೇ ಮಾಡುವುದು ಹೌದು. ಆದರೆ ಅಡುಗೆಮನೆಯ ಹೊಸ್ತಿಲು ದಾಟದ ಅಳಿಯನಿಗೆ ಆ ಮನೆಯ ಕಷ್ಟಸುಖ ಗೊತ್ತಾಗುವುದಿಲ್ಲ, ಅವನ ಕಷ್ಟಸುಖ ಮನೆಯವರಿಗೂ ಗೊತ್ತಾಗುವುದಿಲ್ಲ. ನಿಮ್ಮ ವಿಷಯದಲ್ಲಿ ಹಾಗಾಗುವುದು ನನಗೂ ನಿಮ್ಮ ಅತ್ತೆಗೂ ಇಷ್ಟವಿಲ್ಲ.

ಮೊದಲು ಮದುವೆಯ ದಿನದ ಮಾತು. ಮನೆಯ ಅಂಗಳದಲ್ಲೇ ಚಪ್ಪರ, ಮುಹೂರ್ತ 11 ಗಂಟೆ 40 ನಿಮಿಷಕ್ಕೆ. ಮೇಲೆ ಅಡಿಕೆ ಸೋಗೆ ಹೊದೆಸಿದರೂ ವೈಶಾಖದ ಬಿಸಿಲು, ಜೊತೆಗೆ ಹೋಮದ ಹೊಗೆ. ಬೆಳಿಗ್ಗೆಯಿಂದ ಉಪವಾಸ ಎಂದು ನೀರನ್ನೂ ಕುಡಿಯದೆ ಕೂತರೆ ತಲೆ ಸುತ್ತುತ್ತದೆ. ಎಳನೀರು, ಹಾಲು ಕುಡಿಯಲು ಅಡ್ಡಿಯಿಲ್ಲ ಎಂದು ನಮ್ಮ ಭಟ್ಟರು ಹೇಳಿದ್ದಾರೆ. ಕಚ್ಚೆ ಪಂಚೆ ಉಟ್ಟು ರೂಢಿಯಿಲ್ಲದಿದ್ದರೆ ಮನೆಯಲ್ಲೇ ಎರಡು ಸಲ ಉಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಎದ್ದು ನೋಡಿಕೊಳ್ಳಿ. ಹೊಸ ಪಂಚೆಗೆ ಗಂಜಿ ಇರುವುದರಿಂದ ಗಂಟು ಜಾರುತ್ತದೆ. ಒಂದು ಸಲ ನೀರಿನಲ್ಲಿ ಅದ್ದಿ ಒಣಗಿಸಿದರೆ ಸರಿಯಾಗುತ್ತದೆ.

ಮಂಟಪಕ್ಕೆ ಬಂದಕೂಡಲೇ ನಾನು ನಿಮ್ಮ ಕಾಲು ತೊಳೆಯುತ್ತೇನೆ. ಈಗಿನ ಹುಡುಗರು ಸಂಕೋಚದಿಂದ ಕಾಲು ಹಿಂದಕ್ಕೆಳೆಯುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊತ್ತಿಗೆ ನೀವು ವರ, ನಮ್ಮ ಪಾಲಿಗೆ ವಿಷ್ಣು. ಆಮೇಲೆ ನೀವು ನಮ್ಮ ಕಾಲಿಗೆ ಬೀಳುವ ಸರದಿ ಬಂದೇ ಬರುತ್ತದೆ. ಧಾರೆಯ ವೇಳೆ ನಿಮ್ಮ ಬೊಗಸೆಯ ಮೇಲೆ ಸ್ವಾತಿಯ ಬೊಗಸೆ ಇರುತ್ತದೆ, ನಿಮ್ಮ ಅತ್ತೆ ಗಿಂಡಿಯಿಂದ ನೀರು ಬಿಡುತ್ತಾಳೆ. ನೀರಿನ ಎಳೆ ಕಡಿಯದೆ ಬೀಳಬೇಕು, ಬೆರಳು ಬಿಚ್ಚಬೇಡಿ. ಆಗ ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಇವಳನ್ನು ಮೀರಿ ನಡೆಯಬಾರದು ಎಂದು ನಿಮ್ಮನ್ನು ಕೇಳುವವನು ನಾನು. ‘ನಾತಿಚರಾಮಿ’, ಮೀರಿ ನಡೆಯುವುದಿಲ್ಲ, ಎಂದು ನೀವು ಹೇಳಬೇಕು. ವಾಲಗದ ಸದ್ದಿನಲ್ಲಿ ಈ ಮಾತು ಎಷ್ಟೋ ಮದುವೆಗಳಲ್ಲಿ ಭಟ್ಟರ ಬಾಯಲ್ಲೇ ಮುಗಿದುಹೋಗುತ್ತದೆ. ಅಷ್ಟು ಹೊತ್ತು ವಾಲಗ ನಿಲ್ಲಿಸಲು ಹೇಳಿದ್ದೇನೆ. ನನಗೂ ಅವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ.

ಊಟದ ಪಂಕ್ತಿಯಲ್ಲಿ ಒಂದು ಎಚ್ಚರ. ನಮ್ಮಲ್ಲಿ ಬಡಿಸುವವರಿಗೆ ‘ಸಾಕು’ ಎಂಬ ಮಾತು ಕೇಳಿಸುವುದಿಲ್ಲ. ಬೇಡವಾದರೆ ಬಾಳೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಅಪ್ಪೆಹುಳಿ ಬಂದಾಗ ಅದನ್ನು ಸಾರು ಎಂದುಕೊಂಡು ಅನ್ನಕ್ಕೆ ಸುರಿದುಕೊಳ್ಳಬೇಡಿ. ಅಪ್ಪೆಮಿಡಿಯ ಹುಳಿ, ಇಂಗಿನ ಒಗ್ಗರಣೆ, ನೀರಿನಂತೆ ತೆಳ್ಳಗಿರುತ್ತದೆ, ಲೋಟದಲ್ಲಿ ಹಾಕಿಸಿಕೊಂಡು ಕುಡಿಯಬೇಕು. ಧಾರವಾಡದಿಂದ ಬರುವ ಹಿರಿಯರಿಗೆ ಬರೀ ಅನ್ನ ಸೇರದು ಎಂದು ಹಿಂದಿನ ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ ಮಾಡಿಸುತ್ತಿದ್ದೇವೆ. ರೊಟ್ಟಿ ಬಡಿಯುವವರನ್ನು ಹುಬ್ಬಳ್ಳಿಯಿಂದ ಕರೆಸಿದ್ದೇವೆ.

ಇನ್ನು ನಮ್ಮ ಮನೆಮಾತು. ಇದನ್ನು ಮೊದಲೇ ಹೇಳದಿದ್ದರೆ ನಿಮಗೆ ಬೇಸರವಾದೀತು. ಹವ್ಯಕ ಮಾತಿನಲ್ಲಿ ಹೆಣ್ಣುಮಕ್ಕಳನ್ನು ‘ಅದು’ ಎನ್ನುತ್ತೇವೆ. ‘ಸ್ವಾತಿ ಬಂತು, ಅದು ಊಟ ಮಾಡ್ತು’ ಎಂದರೆ ಅಗೌರವವಲ್ಲ, ನನ್ನ ತಾಯಿಯನ್ನೂ ಹಾಗೆಯೇ ಹೇಳುವುದು. ಹುಡುಗಿಗೆ ‘ಕೂಸು’, ಹುಡುಗನಿಗೆ ‘ಮಾಣಿ’. ಧಾರವಾಡದಲ್ಲಿ ಕೂಸು ಎಂದರೆ ತೊಟ್ಟಿಲ ಮಗು, ಬೆಂಗಳೂರಿನಲ್ಲಿ ಮಾಣಿ ಎಂದರೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು. ನನ್ನ ತಾಯಿಗೆ ಈಗ 84. ನಿಮ್ಮನ್ನು ‘ಮಾಣಿ’ ಎಂದು ಕರೆದರೆ ಅದು ಆಕೆ ಮೊಮ್ಮಕ್ಕಳಿಗೆ ಮಾತ್ರ ಕೊಡುವ ಸಲಿಗೆ ಎಂದು ತಿಳಿಯಿರಿ. ಆಕೆಗೆ ಎಡಗಿವಿ ಪೂರ್ತಿ ಕೇಳದು. ಬಲಗಡೆ ಕೂತು ನಿಧಾನವಾಗಿ ಮಾತಾಡಿ, ಕೂಗಬೇಕಾಗಿಲ್ಲ. ‘ಅಡ್ಡಿಲ್ಲೆ’ ಎಂದರೆ ಒಪ್ಪಿಗೆ. ನಮ್ಮನ್ನು ಮಾವ, ಅತ್ತೆ ಎನ್ನಿ, ಅಥವಾ ನಿಮ್ಮ ಕಡೆಯ ರೂಢಿಯಂತೆ ಮಾಮಾ ಎನ್ನಿ. ಯಾವುದಾದರೂ ಸಂತೋಷವೇ. ನಾನು ಮಾತ್ರ ನಿಮ್ಮನ್ನು ಬಹುವಚನದಲ್ಲೇ ಕರೆಯುತ್ತೇನೆ. ಅದು ದೂರ ಇಡಲು ಅಲ್ಲ, ಅಳಿಯಂದಿರಿಗೆ ಸಲ್ಲಬೇಕಾದ ಮರ್ಯಾದೆ.

ಸ್ವಾತಿಯ ಬಗ್ಗೆ ಎರಡು ವಿಷಯ. ಒಂದು, ಅವಳಿಗೆ ಪೆನಿಸಿಲಿನ್ ಆಗುವುದಿಲ್ಲ, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುತ್ತದೆ. ಗಂಟಲು ನೋವಿಗೆ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್ ಕೂಡ ಅದೇ ಗುಂಪಿನ ಔಷಧಿ. ಔಷಧಿ ಅಂಗಡಿಯವರು ‘ಇದು ಬೇರೆ’ ಎಂದರೂ ಕೊಡಿಸಬೇಡಿ. ಯಾವುದೇ ಆಸ್ಪತ್ರೆಗೆ ಹೋದರೂ ಚೀಟಿ ಬರೆಯುವ ಮೊದಲೇ ಹೇಳಿ. ಇದನ್ನು ಬರೆದ ಕಾರ್ಡು ಅವಳ ಪರ್ಸಿನಲ್ಲಿದೆ, ಇನ್ನೊಂದು ಪ್ರತಿಯನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ಎರಡು, ಮನಸ್ಸಿಗೆ ನೋವಾದರೆ ಅವಳು ಜಗಳವಾಡುವುದಿಲ್ಲ, ಮಾತು ನಿಲ್ಲಿಸಿ ಕಪಾಟು ಜೋಡಿಸಲು ತೊಡಗುತ್ತಾಳೆ. ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದರೆ ಏನೋ ಆಗಿದೆ ಎಂದು ಅರ್ಥ. ಆಗ ‘ಏನಾಯಿತು’ ಎಂದು ಹತ್ತು ಸಲ ಕೇಳಿದರೆ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ಪಕ್ಕದಲ್ಲಿ ಕೂತು ಇನ್ನೊಂದು ಸೀರೆಯ ತುದಿ ಹಿಡಿದರೆ ತಾನಾಗಿ ಹೇಳುತ್ತಾಳೆ.

ನಿಮ್ಮಿಬ್ಬರ ನಡುವೆ ಮಾತು ಬಂದಾಗ ಯಾರು ಬೇಕಾದರೂ ನನಗೆ ಫೋನ್ ಮಾಡಬಹುದು, ಕೇಳುತ್ತೇನೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದಿಲ್ಲ. ಅವಳಿಗೂ ಇದನ್ನೇ ಹೇಳಿದ್ದೇನೆ.

ಹಣದ ವಿಷಯ ಬಿಚ್ಚಿ ಬರೆಯುವುದೇ ಒಳ್ಳೆಯದು. ನಿಮ್ಮ ಮನೆಯವರು ಏನನ್ನೂ ಕೇಳಲಿಲ್ಲ, ಆ ದೊಡ್ಡತನಕ್ಕೆ ನಾನು ಋಣಿ. ಸ್ವಾತಿಗೆ 80 ಗ್ರಾಂ ಬಂಗಾರ, ಅವಳ ಅಜ್ಜಿಯ ಒಂದು ಹವಳದ ಸರ, ಕಂಚಿನ ಪಾತ್ರೆಗಳು. ಇದು ಸ್ತ್ರೀಧನ, ಇಡುವುದೂ ಮಾರುವುದೂ ಅವಳ ಇಷ್ಟ. ನಿಮಗೆ ಉಂಗುರ, ಪಂಚೆ ಶಲ್ಯ ಮಾತ್ರ. ವರದಕ್ಷಿಣೆ ನಿಷೇಧ ಕಾಯ್ದೆಯ 1985ರ ನಿಯಮಗಳಂತೆ ಉಡುಗೊರೆಗಳ ಪಟ್ಟಿ ಬರೆದಿಡಬೇಕು. ವಧುವಿನದೊಂದು, ವರನದೊಂದು. ಯಾರು ಕೊಟ್ಟರು, ಅವರು ಏನಾಗಬೇಕು, ಅಂದಾಜು ಬೆಲೆ ಎಷ್ಟು ಎಂದು ಬರೆದು ಇಬ್ಬರೂ ಸಹಿ ಮಾಡಬೇಕು. ಇದು ಅಪನಂಬಿಕೆಯಿಂದಲ್ಲ. ಹತ್ತು ವರ್ಷದ ಮೇಲೆ ಯಾವ ಬಳೆ ಯಾರ ಕಡೆಯದು ಎಂಬ ಗೊಂದಲ ಬರಬಾರದು ಅಷ್ಟೆ. ಮದುವೆ ನೋಂದಣಿಯನ್ನೂ ಅದೇ ವಾರ ಮುಗಿಸಿಬಿಡೋಣ. ಲಗ್ನಪತ್ರಿಕೆ, ಧಾರೆಯ ಫೋಟೋ, ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ ಬೇಕಾಗುತ್ತದೆ. ಆಧಾರಿನಲ್ಲೂ ಅಂಕಪಟ್ಟಿಯಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ, ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ತೋಟದ ಪಹಣಿಯಲ್ಲಿ ಮೂರೂವರೆ ಎಕರೆ ಇದೆ, ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ಕ್ಕೆ ಜಾರಿಯಾದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮದುವೆಯ ಸಡಗರದಲ್ಲೇ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇದೆ. ನಾನು ಹಾಕಿಸಿಕೊಳ್ಳುವುದಿಲ್ಲ. ನಾಳೆ ತೋಟ ನೋಡಿಕೊಳ್ಳುವವನು ಅವಳ ತಮ್ಮ, ಪಾಲು ಹೇಗೆ ಎಂದು ಅಕ್ಕ ತಮ್ಮ ಕೂತು ಮಾತಾಡಿಕೊಳ್ಳಲಿ. ನಿಮಗೆ ಇದು ಗೊತ್ತಿರಬೇಕು ಎಂದಷ್ಟೇ ಹೇಳಿದೆ.

ಬಂದು ಹೋಗುವ ಲೆಕ್ಕ ಹೀಗಿದೆ. ಈ ವರ್ಷ ಜ್ಯೇಷ್ಠ ಅಧಿಕ, ಮೇ 17ಕ್ಕೆ ಶುರು. ಅಧಿಕ ಮಾಸದಲ್ಲಿ ಅಳಿಯನಿಗೆ 33 ಅನಾರಸ ಕೊಡುವುದು ನಿಮ್ಮ ಕಡೆ ಇದೆ ಎಂದು ತಿಳಿದು ನಿಮ್ಮ ಅತ್ತೆ ಈಗಾಗಲೇ ಅಕ್ಕಿ ನೆನೆಸಿ ನೋಡಿದ್ದಾಳೆ. ಮೂರು ದಿನ ದಿನವೂ ನೀರು ಬದಲಿಸದಿದ್ದರೆ ಹುಳಿವಾಸನೆ ಬರುತ್ತದೆ, ಪಾಕ ಹೆಚ್ಚಾದರೆ ಎಣ್ಣೆಯಲ್ಲಿ ಕರಗಿ ಹರಡುತ್ತದೆ. ಮೊದಲ ಸಲದ್ದು ಹರಡಿತು, ಎರಡನೆಯದು ನಿಂತಿದೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆಮದ್ದು ಹೊಡೆಯಬೇಕು, 40–45 ದಿನಕ್ಕೆ ಎರಡನೇ ಸಲ. ಆ ದಿನಗಳಲ್ಲಿ ನಾನು ಫೋನಿಗೆ ಸಿಗದಿದ್ದರೆ ಗಾಬರಿ ಬೇಡ, ಬಿಸಿಲು ಬಿದ್ದ ನಾಲ್ಕು ಗಂಟೆಯೊಳಗೆ ಕೆಲಸ ಮುಗಿಸಬೇಕಿರುತ್ತದೆ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ಲು ಕೊಟ್ಟಿಗೆಯ ಹಿಂದಿನ ದಿಬ್ಬದಲ್ಲಿ ಮಾತ್ರ, ಕರೆಂಟು ಎರಡು ಮೂರು ದಿನ ಇಲ್ಲದಿರುವುದೂ ಉಂಟು. ಆಗ ಬಂದರೆ ತೋಟಕ್ಕಿಳಿಯುವ ಮೊದಲು ಪಾದಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಸುಣ್ಣ ಕಲಸಿ ಹಚ್ಚಿಕೊಳ್ಳಿ. ಉಂಬಳ, ಅಂದರೆ ಜಿಗಣೆ, ಹತ್ತಿದರೆ ಕಿತ್ತೆಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ.

ಬಚ್ಚಲ ಹಂಡೆಯ ನೀರು ಬೆಳಗಿನ ಜಾವದಿಂದ ಒಲೆಯ ಮೇಲಿರುತ್ತದೆ. ಕೈ ಹಾಕಿ ನೋಡಬೇಡಿ. ಬಕೆಟ್ಟಿಗೆ ಮೊದಲು ಅರ್ಧ ತಣ್ಣೀರು, ಆಮೇಲೆ ಬಿಸಿನೀರು. ತೋಡಿಕೊಂಡಷ್ಟು ಹಂಡೆಗೆ ಮತ್ತೆ ತುಂಬಿಸಿ ಬರುವುದು ಮನೆಯವರ ಕ್ರಮ, ನೀವೂ ಹಾಗೇ ಮಾಡಿದರೆ ನನಗೆ ಬಹಳ ಸಂತೋಷ.

ಮೊದಲ ದೀಪಾವಳಿಗೆ ನವೆಂಬರ್ 7ರ ಶನಿವಾರ ಸಂಜೆಯೊಳಗೆ ಇಬ್ಬರೂ ಇಲ್ಲಿರಬೇಕು, ಅಂದು ನೀರು ತುಂಬುವ ಹಬ್ಬ. ಬಲಿಪಾಡ್ಯಮಿ 10ರ ಮಂಗಳವಾರ, ಸೋಮವಾರದ ರಜೆಯನ್ನು ಈಗಲೇ ಕೇಳಿಡಿ. ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸಿಗೆ ಹಬ್ಬದ ಹಿಂದಿನ ವಾರ ಸೀಟು ಸಿಗುವುದಿಲ್ಲ, ಮುಂಗಡ ಬುಕಿಂಗ್ ತೆರೆದ ದಿನವೇ ಮಾಡಿಸಿ. ಅಡಿಕೆ ಗೊನೆಯ ಕೊಯ್ಲು ಶುರುವಾಗಿದ್ದರೆ ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾರೆ. ನಿಮಗೂ ಒಂದು ಮೆಟ್ಟುಗತ್ತಿ ಇಟ್ಟಿರುತ್ತೇನೆ, ಎರಡು ದಿನ ಹಸಿರು ಅಡಿಕೆಯ ಕಲೆ ಬೆರಳಿನಿಂದ ಹೋಗುವುದಿಲ್ಲ ಎಂಬುದು ತಿಳಿದಿರಲಿ.

ಈ ಲಕೋಟೆಯಲ್ಲಿ ಮುಂಬಾಗಿಲಿನ ಬೀಗದ ಕೈ ಇದೆ. ಬರುವ ಮೊದಲು ಹೇಳಲೇಬೇಕೆಂದಿಲ್ಲ. ಬಾಗಿಲು ಬಿಗಿಯಾಗಿದೆ, ಎಡಗೈಯಿಂದ ಸ್ವಲ್ಪ ಮೇಲೆತ್ತಿ ತಿರುಗಿಸಿ.

ತೀರ್ಥರೂಪರಾದ ನಿಮ್ಮ ತಂದೆಯವರಿಗೂ ಮಾತೃಶ್ರೀಯವರಿಗೂ ನಮ್ಮೆಲ್ಲರ ನಮಸ್ಕಾರಗಳನ್ನು ತಿಳಿಸುವುದು. ದಿಬ್ಬಣ ಶನಿವಾರ ಮಧ್ಯಾಹ್ನ ಮೂರಕ್ಕೆ ಹೊರಟರೆ ಕತ್ತಲಾಗುವ ಮೊದಲು ತಿರುವು ರಸ್ತೆ ಕಳೆಯುತ್ತದೆ. ಬಸ್ಸು ನಿಲ್ಲುವ ಕಡೆ ನಾನೇ ನಿಂತಿರುತ್ತೇನೆ.

ಇಂತಿ ನಿಮ್ಮ ಮಾವ,
ಗಣಪತಿ